ಅಮ್ಮನ ವಾಟ್ಸಾಪ್‌ಗೆ ಕಣ್ಣು ಬಂದಿದ್ದು

ಅಮ್ಮಂಗೆ ವಾಟ್ಸಾಪಿನ ಅಕ್ಷರ ಸರಿಯಾಗಿ ಕಾಣ್ತಿರ್ಲಿಲ್ಲ, ಇರೋ ಫೋನಲ್ಲೇ ಸರಿ ಮಾಡ್ತೀನಿ ಅಂತ ನಾನು ಹೊರಟೆ. ನಮ್ಮಣ್ಣ ಮೊದಲಿಂದ ಹೇಳಿದ್ದು ಒಂದೇ ಮಾತು, ಹದಿನೆಂಟು ಸಾವಿರ ಹಾಕಿ ದೊಡ್ಡ ಫೋನ್ ಕೊಡ್ಸು, ಇದೆಲ್ಲ ಆಗೋ ಹೋಗೋ ಮಾತಲ್ಲ ಅಂತ. ಅಮ್ಮಂಗೆ 74, ಹಳೇ ಆಂಡ್ರಾಯ್ಡ್ ಫೋನ್, ವಾಟ್ಸಾಪ್ ಬಿಟ್ರೆ ಬೇರೇನೂ ನೋಡಲ್ಲ. ಈಗ ಅದೇ ಫೋನಲ್ಲಿ ಕನ್ನಡಕ ಹಾಕ್ಕೊಂಡು ಆರಾಮಾಗಿ ಓದ್ತಾರೆ, ಅಣ್ಣ ಸುಮ್ಮನಾಗಿದಾನೆ, ಅದಕ್ಕೇ ಬರೀತಿದೀನಿ.

ಮೊದಲು ಕಳ್ಕೊಂಡಿದ್ದು ಹೇಳ್ತೀನಿ. ಫೋನ್ ಮುಂದೆ ಇಡೋ ಭೂತಗನ್ನಡಿ ಸ್ಟ್ಯಾಂಡ್ ಒಂದು ಮುನ್ನೂರೈವತ್ತೋ ನಾನೂರೋ ಕೊಟ್ಟು ತಂದೆ, ಅಕ್ಷರ ದೊಡ್ಡದಾಯ್ತು ಆದ್ರೆ ಅಂಚಲ್ಲೆಲ್ಲ ಡೊಂಕು, ಮೇಲಾಗಿ ಟೈಪ್ ಮಾಡೋಕೆ ಕೈ ಎಲ್ಲಿಂದ ತೂರಿಸ್ಬೇಕು? ಈಗ ಅದು ಅಟ್ಟದ ಮೇಲಿದೆ. ಆಮೇಲೆ ಮ್ಯಾಟ್ ಸ್ಕ್ರೀನ್ ಗಾರ್ಡ್, ಇನ್ನೂರೈವತ್ತು, ಟ್ಯೂಬ್‌ಲೈಟ್ ಹೊಳೆಯೋದು ನಿಲ್ತು ಆದ್ರೆ ಅಕ್ಷರದ ಮೇಲೆ ಮರಳು ಉದುರಿಸಿದ ಹಾಗೆ ಕಾಣ್ತಿತ್ತು, ಮೂರೇ ದಿನಕ್ಕೆ ಕಿತ್ತೆ. ಫೋನಲ್ಲಿರೋ ಮ್ಯಾಗ್ನಿಫಿಕೇಷನ್ ಶಾರ್ಟ್‌ಕಟ್ ಆನ್ ಮಾಡಿದ್ದಂತೂ ದೊಡ್ಡ ತಪ್ಪು. ಮೂರು ಸಲ ತಟ್ಟಿದ್ರೆ ಜೂಮ್ ಆಗುತ್ತೆ ಅಲ್ವಾ, ಅಮ್ಮ ಒಂದೇ ಜಾಗ ಪಟಪಟ ತಟ್ಟೋರು, ಸ್ಕ್ರೀನ್ ಒಂದು ಮೂಲೆಗೆ ಹೋಗಿ ಕೂತು, ಪಕ್ಕದ ಮನೆ ಹುಡುಗ ಅಂಗಡಿಗೆ ತಗೊಂಡೋಗಿ ಮುನ್ನೂರು ಕೊಟ್ಟು ಬಂದ.

ಇನ್ನು ಅಕ್ಷರದ ಸೈಜ್. ಮೊದಲ ದಿನ ಹುಮ್ಮಸ್ಸಲ್ಲಿ ಫೋನಿನ ಫಾಂಟ್ ಸೈಜ್, ಡಿಸ್‌ಪ್ಲೇ ಸೈಜ್ ಎರಡನ್ನೂ ತುದಿಗೆ ಎಳೆದೆ. ಕೀಬೋರ್ಡ್ ತೆರೆದ್ರೆ ಒಂದೇ ಮೆಸೇಜ್ ಕಾಣೋದು, ಹೆಸರೆಲ್ಲ ಅರ್ಧಕ್ಕೆ ಕಟ್. ಕೊನೆಗೆ ನಿಂತಿದ್ದು ಹೀಗೆ: ಡಿಸ್‌ಪ್ಲೇ ಸೈಜ್ ಮುಟ್ಟಲಿಲ್ಲ, ಫೋನಿನ ಫಾಂಟ್ ಒಂದೇ ಒಂದು ಹೆಜ್ಜೆ ಮೇಲೆ, ವಾಟ್ಸಾಪ್ ಒಳಗೆ ಚಾಟ್ಸ್‌ನಲ್ಲಿ ಫಾಂಟ್ ಸೈಜ್ ಲಾರ್ಜ್. ಬೋಲ್ಡ್ ಹಾಕಿ ನೋಡಿ ತೆಗೆದೆ, ಕನ್ನಡ ಅಕ್ಷರದ ಹೊಟ್ಟೆಯೊಳಗಿನ ಸಂದು ತುಂಬ್ಕೊಂಡುಬಿಡುತ್ತೆ.

ನಾನು ಪರೀಕ್ಷೆ ಮಾಡಿದ್ದು ಎರಡೇ ಪದದಿಂದ, "ದನ" ಮತ್ತು "ಧನ". ಚೆನ್ನಾಗಿ ಕಾಣ್ತಿದೆಯಾ ಅಂತ ಕೇಳಿದ್ರೆ ಅಮ್ಮ ಯಾವಾಗ್ಲೂ ಹೂಂ ಅಂತಾರೆ, ಅದಕ್ಕೆ ಎರಡನ್ನೂ ಹಿಂದೆಮುಂದೆ ಮಾಡಿ ಕಳಿಸಿ ಓದಿ ಹೇಳಮ್ಮ ಅಂದೆ. ಡಾರ್ಕ್ ಮೋಡಲ್ಲಿ ಹತ್ತಕ್ಕೆ ನಾಲ್ಕು ತಪ್ಪು, ಒತ್ತಕ್ಷರ ಬಂದ್ರೆ ಇನ್ನೂ ಜಾಸ್ತಿ. ಬಿಳಿ ಅಕ್ಷರ ಕಪ್ಪಿನ ಮೇಲೆ ಅಂಚು ಹರಡ್ಕೊಂಡು ಕಾಣುತ್ತೆ, ಕತ್ತಲಲ್ಲಿ ಕಣ್ಣಿನ ಪಾಪೆ ಅಗಲ ಆಗೋದ್ರಿಂದ ಫೋಕಸ್ ಸಡಿಲ ಆಗುತ್ತೆ, ಕನ್ನಡಕದಲ್ಲಿ ಸಿಲಿಂಡರ್ ಪವರ್ ಇರೋರಿಗೆ, ಅಂದ್ರೆ ಕಣ್ಣಿನ ಬಾಗು ಎಲ್ಲ ಕಡೆ ಒಂದೇ ಸಮ ಇಲ್ಲದೋರಿಗೆ, ಇದು ಎದ್ದು ಕಾಣೋದು, ಅಮ್ಮಂಗೆ ಅದೂ ಇದೆ. ಲೈಟ್ ಥೀಮಲ್ಲಿ, ಬ್ರೈಟ್‌ನೆಸ್ ಅರ್ಧಕ್ಕಿಂತ ಕೆಳಗೆ ಇಳಿಸಿದ ಮೇಲೆ ಹತ್ತಕ್ಕೆ ಹತ್ತು. ಪೊರೆ ಇರೋ ಕೆಲವರಿಗೆ ಬಿಳಿ ಬೆಳಕೇ ಚುಚ್ಚುತ್ತೆ, ಅಂಥವರಿಗೆ ಡಾರ್ಕೇ ಸರಿಹೋಗಬಹುದು, ಅದಕ್ಕೇ ಓದಿಸಿ ನೋಡಿ ಅನ್ನೋದು. ನಾನು ಮಾತ್ರ ರಾತ್ರಿ ಮಲ್ಕೊಂಡು ನೋಡುವಾಗ ಡಾರ್ಕೇ ಇಟ್ಕೋತೀನಿ.

ಇಷ್ಟಾದ್ರೂ ಅಮ್ಮ "ಸಂಜೆ ಆಗ್ತಿದ್ದ ಹಾಗೇ ಇದು ಕಪ್ಪಾಗುತ್ತೆ ಕಣೋ" ಅಂತಿದ್ರು. ವಾರ ಪೂರ್ತಿ ತಲೆ ಕೆಡಿಸ್ಕೊಂಡೆ. ನೋಡಿದ್ರೆ ಸಂಜೆ ಹೊತ್ತಿಗೆ ಚಾರ್ಜ್ ಇಳಿದು ಬ್ಯಾಟರಿ ಸೇವರ್ ತಾನೇ ಆನ್ ಆಗ್ತಿತ್ತು, ಅದು ಬಂದ್ರೆ ಫೋನ್ ಡಾರ್ಕ್‌ಗೆ ಹೋಗುತ್ತೆ, ವಾಟ್ಸಾಪ್ ಥೀಮ್ ಸಿಸ್ಟಮ್ ಡಿಫಾಲ್ಟ್‌ನಲ್ಲಿ ಇದ್ದಿದ್ದಕ್ಕೆ ಅದೂ ಹಿಂದೆ ಹೋಗ್ತಿತ್ತು. ವಾಟ್ಸಾಪ್ ಒಳಗೇ ಲೈಟ್ ಅಂತ ಕಟ್ಟಿ ಹಾಕಿದೆ, ಮುಗೀತು.

ವಾಲ್‌ಪೇಪರ್‌ಗೆ ಮೊಮ್ಮಗಳ ಫೋಟೋ ಇತ್ತು, ಮೆಸೇಜಿನ ಡಬ್ಬಿಗಳ ಸಂದಿಯಿಂದ ಕಣ್ಣು ಮೂಗು ಇಣುಕಿ ಸಾಲು ತಪ್ತಿತ್ತು. ತಿಳಿ ಕೆನೆ ಬಣ್ಣದ ಖಾಲಿ ವಾಲ್‌ಪೇಪರ್ ಹಾಕಿ ಅದರ ಮೇಲೆ ಸಣ್ಣ ಸಣ್ಣ ಗೀಚು ಚಿತ್ರ ತರೋ ಡೂಡಲ್ ಟಿಕ್ ತೆಗೆದೆ. ಮೊಮ್ಮಗಳನ್ನ ತೆಗೆದುಬಿಟ್ಟೆ ಅಂತ ಎರಡು ದಿನ ಮುನಿಸು, ಲಾಕ್ ಸ್ಕ್ರೀನಿಗೆ ಹಾಕಿಕೊಟ್ಟೆ.

ಆ್ಯಪ್ ಭಾಷೆ ಕನ್ನಡ ಮಾಡಿದ ಮೇಲೆ ಮೆನು ಎಲ್ಲ ಅಮ್ಮಂಗೆ ಓದೋಕೆ ಬಂತು, ಬಂದ ಮೆಸೇಜ್ ಯಾವ ಭಾಷೇಲಿತ್ತೋ ಅದೇ ಭಾಷೇಲಿರುತ್ತೆ, ಅದು ನಿಮಗೂ ಗೊತ್ತು. ಫಜೀತಿ ಆಗಿದ್ದು ಅಣ್ಣಂದು, ಅವನು ಫೋನಲ್ಲಿ ಇಂಗ್ಲಿಷ್ ಹೆಸರು ಹೇಳ್ತಾನೆ, ಇಲ್ಲಿ ಆ ಹೆಸರೇ ಇಲ್ಲ. ಈಗ "ಮೇಲೆ ಮೂರು ಚುಕ್ಕಿ ಒತ್ತಮ್ಮ, ಕೆಳಗಿಂದ ಮೊದಲನೇದು" ಅಂತ ಜಾಗ ಹೇಳೋದು ಕಲಿತಿದಾನೆ.

ಬಗೆಹರೀದೇ ಇರೋದು ಒಂದೇ, ಫೋಟೋ ಮೇಲೆ ಬರೆದು ಬರೋ ಶುಭೋದಯ, ಔಷಧಿ ಫಾರ್ವರ್ಡ್‌ಗಳು. ಅದಕ್ಕೆ ಯಾವ ಫಾಂಟ್ ಸೆಟ್ಟಿಂಗೂ ತಾಗಲ್ಲ, ಎರಡು ಬೆರಳಲ್ಲಿ ಹಿಗ್ಗಿಸ್ಬೇಕು ಅಷ್ಟೆ. ಅಮ್ಮ ಮಾತ್ರ ಹಿಗ್ಗಿಸೋಕೆ ಹೋಗಿ ಪಕ್ಕದ ಫೋಟೋಗೆ ಜಾರ್ತಾನೇ ಇದಾರೆ.