ಅಜ್ಜ ಮೊಂಬತ್ತಿ ಹಚ್ಚಿದ್ದು ಯಾಕೆ? ಪಾಠದ ಮಾತನ್ನೇ ಆಧಾರ ಕೊಟ್ಟು ಉತ್ತರ ಬರೆಸಿದ ಅನುಭವ

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ನಾನು ಎಂಟನೇ ತರಗತಿಗೆ ಕನ್ನಡ ಕಲಿಸುತ್ತೇನೆ. ಯಾರು, ಎಲ್ಲಿ, ಯಾವಾಗ ಎಂದು ಕೇಳಿದರೆ ಮಕ್ಕಳು ಚೆನ್ನಾಗಿಯೇ ಬರೆಯುತ್ತಾರೆ. ಯಾಕೆ, ಹೇಗೆ ಎಂದು ಕೇಳಿದಾಗಲೇ ಕಷ್ಟ. ಕೆಲವರು 'ನೀರಿಗಾಗಿ' ಎಂದು ಒಂದೇ ಪದ ಬರೆದು ಪೆನ್ನು ಕೆಳಗಿಡುತ್ತಾರೆ. ಇನ್ನು ಕೆಲವರು ಪಾಠದ ಅರ್ಧ ಪುಟವನ್ನು ಹಾಗೇ ಇಳಿಸುತ್ತಾರೆ. ಮಗುವಿಗೆ ಅರ್ಥವಾಗಿದೆಯಾ ಇಲ್ವಾ ಎಂಬುದು ಎರಡರಿಂದಲೂ ತಿಳಿಯುವುದಿಲ್ಲ. ಒಂದೇ ಪದದ ಉತ್ತರದಲ್ಲಿ ಕಾರಣ ಇರುವುದಿಲ್ಲ. ಇಳಿಸಿದ ಪುಟದಲ್ಲಿ ಕಾರಣ ಎಲ್ಲೋ ಇರುತ್ತದೆ, ಆದರೆ ಅದನ್ನು ಹುಡುಕುವ ಕೆಲಸ ಓದುವವರ ತಲೆಗೆ ಬರುತ್ತದೆ.

ಇದನ್ನು ಕಲಿಸಲು ನಾನು ಪಠ್ಯಪುಸ್ತಕದಿಂದ ಶುರು ಮಾಡುವುದಿಲ್ಲ. ಗೈಡುಗಳಲ್ಲಿ ಅದಕ್ಕೆ ಸಿದ್ಧ ಉತ್ತರ ಸಿಗುತ್ತದಲ್ವಾ? ಹಾಗಾಗಿ ಒಂದು ಸಣ್ಣ ಗದ್ಯವನ್ನು ನಾನೇ ಬರೆದೆ. ವಿಷಯ ಸುರಂಗ. ನಮ್ಮ ಜಿಲ್ಲೆಯ ಬಾಯಾರು ಎಂಬ ಊರಿನ ಕಡೆಯ ಮಕ್ಕಳಿಗಂತೂ ಅದು ಹಿತ್ತಲಿನ ಸಂಗತಿ. ಗುಡ್ಡದ ಬದಿಯಿಂದ ಮುರಕಲ್ಲಿನೊಳಗೆ ಅಡ್ಡಕ್ಕೆ ಕೊರೆದುಕೊಂಡು ಹೋಗುವುದು, ಒಳಗೆ ಒಸರುವ ನೀರನ್ನು ಹೊರಗೆ ಹರಿಸಿಕೊಳ್ಳುವುದು. ನಾನು ಬೋರ್ಡಿನಲ್ಲಿ ಬರೆದದ್ದು ಇಷ್ಟು:

1. ಆ ಬೇಸಿಗೆಯಲ್ಲಿ ನಮ್ಮ ಬಾವಿ ಬತ್ತಿತು.
2. ಅಜ್ಜ ಗುಡ್ಡದ ಬದಿಯಲ್ಲಿ ಸುರಂಗ ತೋಡಲು ಹೊರಟರು.
3. ಕೈಯಲ್ಲಿ ಟಾರ್ಚು ಇದ್ದರೂ ಅವರು ಮೊಂಬತ್ತಿ ಹಚ್ಚಿ ಪಕ್ಕದಲ್ಲಿ ಇಟ್ಟುಕೊಳ್ಳುತ್ತಿದ್ದರು.
4. ಒಂದು ದಿನ ಅದರ ಉರಿ ಸಣ್ಣದಾಯಿತು.
5. ಅಜ್ಜ ಪಿಕ್ಕಾಸನ್ನು ಅಲ್ಲೇ ಬಿಟ್ಟು ಹೊರಗೆ ಬಂದರು.
6. ಕೊನೆಗೂ ಮುರಕಲ್ಲಿನ ಎಡೆಯಿಂದ ನೀರು ಒಸರಿತು.
7. ಮೋಟಾರು ಇಲ್ಲದೆಯೇ ನೀರು ಅಂಗಳದ ಟಾಂಕಿಗೆ ಬಂದು ಬಿತ್ತು.
8. ಒಳಗಿನ ತುದಿ ಬಾಯಿಗಿಂತ ತುಸು ಎತ್ತರದಲ್ಲಿರುವಂತೆ ಅಜ್ಜ ಮೊದಲೇ ನೆಲವನ್ನು ಓರೆಯಾಗಿ ಕೆತ್ತಿದ್ದರು.

ವಾಕ್ಯಗಳಿಗೆ ಸಂಖ್ಯೆ ಹಾಕಿದ್ದಕ್ಕೆ ಕಾರಣ ಇದೆ. ಪ್ರಶ್ನೆ ಕೇಳಿದ ಕೂಡಲೇ ನಾನು ಯಾರಿಗೂ ಬರೆಯಲು ಬಿಡುವುದಿಲ್ಲ. ಉತ್ತರವನ್ನೂ ಕೇಳುವುದಿಲ್ಲ. "ಎಷ್ಟನೇ ವಾಕ್ಯ ನೋಡಿ ಹೇಳ್ತೀರಿ?" ಎಂದಷ್ಟೇ ಕೇಳುತ್ತೇನೆ. ಮನೆಯಲ್ಲಿ ತುಳು, ಮಲಯಾಳ, ಬ್ಯಾರಿ ಮಾತಾಡುವ ಮಕ್ಕಳು ನನ್ನ ತರಗತಿಯಲ್ಲಿ ಜಾಸ್ತಿ. ವಾಕ್ಯ ಕಟ್ಟುವ ಭಯದಲ್ಲಿ ಸುಮ್ನೆ ಕೂರುವ ಮಗು ಕೂಡ ಸಂಖ್ಯೆಯನ್ನಾದರೂ ಧೈರ್ಯವಾಗಿ ಹೇಳುತ್ತದೆ. ಅದು ಸರಿಯಾದ ಜಾಗಕ್ಕೆ ಬೆರಳಿಟ್ಟರೆ ಅರ್ಥವಾಗಿದೆ, ಬರೆಯುವುದಷ್ಟೇ ಬಾಕಿ ಎಂದು ನನಗೆ ತಿಳಿಯುತ್ತದೆ. ತಪ್ಪು ಸಂಖ್ಯೆ ಹೇಳಿದರೆ ವ್ಯಾಕರಣ ತಿದ್ದಿ ಪ್ರಯೋಜನವಿಲ್ಲ, ಮತ್ತೆ ಓದಿಸಬೇಕು.

ನನ್ನ ಮುಖ್ಯ ಪ್ರಶ್ನೆ ಇದು: ಅಜ್ಜ ಮೊಂಬತ್ತಿ ಹಚ್ಚಿ ಇಟ್ಟುಕೊಳ್ಳುತ್ತಿದ್ದುದು ಯಾಕೆ?

ಹೆಚ್ಚಿನವರು 'ಬೆಳಕಿಗಾಗಿ' ಎಂದರು. ಸುರಂಗದೊಳಗೆ ಕತ್ತಲು, ಮೊಂಬತ್ತಿ ಇರುವುದು ಬೆಳಕಿಗೆ. ಅದನ್ನು ಯೋಚಿಸಲು ಪಾಠ ಓದಬೇಕಾಗಿಯೇ ಇಲ್ಲ. ಅದಕ್ಕೇ ಆ ಪ್ರಶ್ನೆಯನ್ನು ಇಟ್ಟದ್ದು. ಎಷ್ಟನೇ ವಾಕ್ಯ ಎಂದು ಕೇಳಿದೆ. "ಮೂರು ಟೀಚರೇ" ಎಂದರು. ಮೂರನೆಯದನ್ನು ಗಟ್ಟಿಯಾಗಿ ಓದಿಸಿದೆ. 'ಟಾರ್ಚು ಇದ್ದರೂ' ಎಂಬಲ್ಲಿಗೆ ಬಂದಾಗ ಓದುತ್ತಿದ್ದ ಹುಡುಗಿ ತಾನೇ ನಿಂತಳು. ತಾನು ಆಧಾರ ಎಂದುಕೊಂಡಿದ್ದ ವಾಕ್ಯವೇ ತನ್ನ ಉತ್ತರವನ್ನು ತಳ್ಳಿಹಾಕುತ್ತಿದೆ ಎಂದು ಅವಳಿಗೆ ಕಂಡಿತು. ಆಧಾರ ಕೇಳುವುದರ ಉಪಯೋಗ ನನಗೆ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಇಂಥ ಕಡೆ. ನಾನು ತಪ್ಪು ಎನ್ನಬೇಕಾಗಿಲ್ಲ, ಪಾಠವೇ ಹೇಳುತ್ತದೆ.

ಹಾಗಾದರೆ ಯಾಕೆ? ಮಕ್ಕಳು 4 ಮತ್ತು 5ನ್ನು ಸೇರಿಸಿ ನೋಡಿದರು. ಉರಿ ಸಣ್ಣದಾಯಿತು, ಅಜ್ಜ ಹೊರಗೆ ಬಂದರು. ನಡುವೆ ಬೇರೇನೂ ಆಗಿಲ್ಲ. ಅಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ, "ಗಾಳಿ ಉಂಟಾ ಇಲ್ವಾ ಅಂತ ನೋಡ್ಲಿಕ್ಕೆ ಟೀಚರೇ. ನಮ್ಮ ಅಜ್ಜ ಹೇಳಿದ್ದಾರೆ" ಎಂದ. ಅವನ ಅಜ್ಜ ಸುರಂಗ ತೋಡುವ ಕೆಲಸ ಮಾಡಿದವರು. ಉತ್ತರ ಪೂರ್ತಿ ಸರಿ. ಆದರೆ ಅದು ಬಂದದ್ದು ಮನೆಯಿಂದ, ಪಾಠದಿಂದ ಅಲ್ಲ.

ಅವನಿಗೆ ನಾನು ಹೇಳಿದ್ದು ಹೀಗೆ: "ನಿನ್ನ ಅಜ್ಜನ ಮಾತು ನಿಜ. ಈಗ ನಿನ್ನ ಅಜ್ಜನನ್ನು ನೋಡದೇ ಇದ್ದವರಿಗೆ ಈ ಎಂಟು ವಾಕ್ಯದಿಂದಲೇ ಅದನ್ನು ತೋರಿಸಿಕೊಡು." ಮನೆಯಲ್ಲಿ ತಿಳಿದದ್ದನ್ನು ಬಿಟ್ಟುಬಿಡಬೇಕು ಎಂದು ನಾನು ಹೇಳುವುದಿಲ್ಲ. ಗಾಳಿಯಲ್ಲಿ ಆಮ್ಲಜನಕ ಕಡಿಮೆಯಾದರೆ ಉರಿ ಕುಗ್ಗುತ್ತದೆ ಎಂಬುದು ಈ ಗದ್ಯದಲ್ಲಿ ಎಲ್ಲೂ ಇಲ್ಲ. ಅದು ಹೊರಗಿನ ತಿಳುವಳಿಕೆಯೇ. ಆಧಾರವನ್ನೂ ಉತ್ತರವನ್ನೂ ಜೋಡಿಸಲು ಅದು ಬೇಕು. ಆದರೆ ಆಧಾರದ ಜಾಗದಲ್ಲಿ ಅದನ್ನು ಇಡಬಾರದು.

ಆಮೇಲೆ ಬರವಣಿಗೆ. ಮೊದಲ ವಾಕ್ಯವನ್ನು ಪ್ರಶ್ನೆಯಿಂದಲೇ ಕಟ್ಟಲು ಹೇಳುತ್ತೇನೆ. ಪ್ರಶ್ನೆಯ ಪದಗಳನ್ನು ಇಟ್ಟುಕೊಂಡು, 'ಯಾಕೆ' ಇರುವಲ್ಲಿ ಕಾರಣ ತುಂಬಿಸಬೇಕು. ಪೂರ್ಣ ವಾಕ್ಯ ಆಯಿತೋ ಇಲ್ಲವೋ ಎಂದು ನೋಡಲು ಒಂದು ಸುಲಭ ದಾರಿ ಇದೆ. ಪ್ರಶ್ನೆಯನ್ನು ಕೈಯಿಂದ ಮುಚ್ಚಿ, ಉತ್ತರವನ್ನು ಮಾತ್ರ ಪಕ್ಕದವನಿಗೆ ಓದಿ ಹೇಳುವುದು. ಯಾರ ಬಗ್ಗೆ, ಯಾವ ವಿಷಯ ಎಂದು ಅವನಿಗೆ ತಿಳಿದರೆ ವಾಕ್ಯ ಪೂರ್ಣ. 'ಗಾಳಿ ಇದೆಯಾ ನೋಡಲು' ಎಂದು ಓದಿದರೆ "ಯಾರು? ಎಲ್ಲಿ?" ಎಂದು ಅವನು ಕೇಳಿಯೇ ಕೇಳುತ್ತಾನೆ.

ಇಲ್ಲಿ ಒಂದು ತಪ್ಪು ಮತ್ತೆ ಮತ್ತೆ ಕಾಣುತ್ತದೆ. 'ಏಕೆಂದರೆ' ಎಂದು ಶುರು ಮಾಡಿ 'ಆದ್ದರಿಂದ' ಎಂದು ಮುಗಿಸುವುದು. 'ಅಜ್ಜ ಹೊರಗೆ ಬಂದರು ಏಕೆಂದರೆ ಉರಿ ಸಣ್ಣದಾಯಿತು ಆದ್ದರಿಂದ' ಎಂದು ಬರೆಯುತ್ತಾರೆ. ಎರಡರಲ್ಲಿ ಒಂದನ್ನು ಹೊಡೆದುಹಾಕಿ ಓದಿಸಿದರೆ ಮಕ್ಕಳೇ ಸರಿ ಮಾಡಿಕೊಳ್ಳುತ್ತಾರೆ. 'ಉರಿ ಸಣ್ಣದಾದ್ದರಿಂದ ಅಜ್ಜ ಹೊರಗೆ ಬಂದರು' ಎಂದರೆ ಮುಗಿಯಿತು.

ಆಧಾರದ ಮಾತು ಎಷ್ಟು ಉದ್ದ ಇರಬೇಕು? ಎಷ್ಟು ಚಿಕ್ಕದಾಗುತ್ತದೋ ಅಷ್ಟು. ಮೂರನೇ ವಾಕ್ಯವನ್ನು ಇಡೀ ಬರೆದವರಿಗೆ, ಅದರಲ್ಲಿ ನಿನ್ನ ಕೆಲಸಕ್ಕೆ ಬರುವ ಪದಗಳಿಗೆ ಮಾತ್ರ ಗೆರೆ ಎಳೆ ಎನ್ನುತ್ತೇನೆ. 'ಕೈಯಲ್ಲಿ ಟಾರ್ಚು ಇದ್ದರೂ' ಎಂಬಷ್ಟಕ್ಕೆ ಗೆರೆ ಬೀಳುತ್ತದೆ. ಅಷ್ಟನ್ನೇ ಉದ್ಧರಣ ಚಿಹ್ನೆಯೊಳಗೆ ಹಾಕಿದರೆ ಸಾಕು.

ಚಿಹ್ನೆಯೊಳಗೆ ಹಾಕಿದ ಮೇಲೆ ಒಂದು ಅಕ್ಷರವನ್ನೂ ಬದಲಿಸಬಾರದು. 'ಟಾರ್ಚು ಇದ್ದರೂ' ಎಂಬುದನ್ನು 'ಟಾರ್ಚ್ ಇತ್ತು' ಎಂದು ಮಾಡಿದರೆ ಅದು ಪಾಠದ ಮಾತಲ್ಲ. ಬದಲಿಸಲೇಬೇಕಾದರೆ ಚಿಹ್ನೆ ತೆಗೆದು ಸ್ವಂತ ಮಾತಲ್ಲಿ ಬರೆಯಲಿ. ಇನ್ನೊಂದು ತೊಡಕು 'ಅದರ', 'ಅವರು' ಎಂಬ ಪದಗಳದ್ದು. 'ಅದರ ಉರಿ ಸಣ್ಣದಾಯಿತು' ಎಂದು ಕಿತ್ತು ತಂದರೆ, ಯಾವುದರ ಉರಿ? ಪಾಠದಲ್ಲಿ ಹಿಂದಿನ ವಾಕ್ಯ ಇದ್ದುದರಿಂದ ತಿಳಿಯಿತು. ಉತ್ತರ ಪತ್ರಿಕೆಯಲ್ಲಿ ಆ ವಾಕ್ಯ ಇಲ್ಲ. ಹಾಗಾಗಿ 'ಮೊಂಬತ್ತಿಯ' ಎಂದು ಚಿಹ್ನೆಯ ಹೊರಗೆ ಬರೆದು, 'ಉರಿ ಸಣ್ಣದಾಯಿತು' ಎಂಬುದನ್ನು ಮಾತ್ರ ಒಳಗೆ ಇಡಬೇಕು.

ಹಿಂದಿನ ಬೆಂಚಿನ ಆ ಹುಡುಗ ತಿದ್ದಿ ತಿದ್ದಿ ಕೊನೆಗೆ ಬರೆದದ್ದು ಇದು:

ಸುರಂಗದೊಳಗೆ ಉಸಿರಾಡಲು ಸಾಕಷ್ಟು ಗಾಳಿ ಇದೆಯೇ ಎಂದು ತಿಳಿಯಲು ಅಜ್ಜ ಮೊಂಬತ್ತಿ ಹಚ್ಚಿ ಇಟ್ಟುಕೊಳ್ಳುತ್ತಿದ್ದರು. ಅವರ 'ಕೈಯಲ್ಲಿ ಟಾರ್ಚು ಇದ್ದರೂ' ಎಂದು ಪಾಠದಲ್ಲಿದೆ. ಆದ್ದರಿಂದ ಮೊಂಬತ್ತಿ ಬೆಳಕಿಗಾಗಿ ಅಲ್ಲ. ಮೊಂಬತ್ತಿಯ 'ಉರಿ ಸಣ್ಣದಾಯಿತು' ಎಂದ ಮೇಲೆ ಅವರು 'ಪಿಕ್ಕಾಸನ್ನು ಅಲ್ಲೇ ಬಿಟ್ಟು' ಹೊರಗೆ ಬಂದರು. ಗಾಳಿ ಕಡಿಮೆಯಾದರೆ ಉರಿ ಕುಗ್ಗುತ್ತದೆ ಎಂದು ಅವರಿಗೆ ಗೊತ್ತಿದ್ದಿರಬೇಕು.

ಕೊನೆಯ ವಾಕ್ಯ ನನಗೆ ಬಹಳ ಮುಖ್ಯ. ಮಕ್ಕಳು ಪಾಠದ ಮಾತನ್ನು ಇಟ್ಟು ಅಲ್ಲಿಗೇ ನಿಲ್ಲಿಸುತ್ತಾರೆ. ಪಿಕ್ಕಾಸು ಬಿಟ್ಟು ಬಂದದ್ದಕ್ಕೂ ಗಾಳಿಗೂ ಏನು ಸಂಬಂಧ ಎಂದು ಅವರು ಹೇಳದಿದ್ದರೆ ಓದುವವರು ಊಹಿಸಬೇಕಾಗುತ್ತದೆ. 'ಗೊತ್ತಿದ್ದಿರಬೇಕು' ಎಂದು ಬರೆದದ್ದೂ ಸರಿ. ಪಾಠ ಅದನ್ನು ಬಾಯಿಬಿಟ್ಟು ಹೇಳಿಲ್ಲ.

'ಹೇಗೆ' ಪ್ರಶ್ನೆಗೆ ಬೇಕಾದ್ದು ಬೇರೆ. ಮೋಟಾರು ಇಲ್ಲದೆ ನೀರು ಟಾಂಕಿಗೆ ಹೇಗೆ ಬಂತು ಎಂದು ಕೇಳಿದರೆ ಮಕ್ಕಳು ಪಾಠದ ಸಾಲಿನಲ್ಲೇ ಬರೆಯುತ್ತಾರೆ: ಒಸರಿತು, ಟಾಂಕಿಗೆ ಬಿತ್ತು, ನೆಲ ಓರೆಯಾಗಿ ಕೆತ್ತಿದ್ದರು. ಆದರೆ ನಡೆದ ಕ್ರಮ ಹಾಗಲ್ಲ. ಎಂಟನೇ ವಾಕ್ಯದಲ್ಲಿರುವ 'ಮೊದಲೇ' ಎಂಬ ಪದವನ್ನು ಹಿಡಿದರೆ ಕೆತ್ತಿದ್ದು ಮುಂದೆ ಬರುತ್ತದೆ, ನೀರು ಒಸರಿದ್ದು ಆಮೇಲೆ. ಅದಕ್ಕೇ ನಾನು ಆ ವಾಕ್ಯವನ್ನು ಕೊನೆಯಲ್ಲಿ ಇಟ್ಟದ್ದು. ಸಂಖ್ಯೆಗಳನ್ನು 8, 6, 7 ಎಂದು ಮೊದಲು ಜೋಡಿಸಿ, ನಂತರ ಬರೆದರೆ ಉತ್ತರ ನೇರವಾಗಿ ಇಳಿಯುತ್ತದೆ. ಆಧಾರಕ್ಕೆ 'ನೆಲವನ್ನು ಓರೆಯಾಗಿ' ಎಂಬ ತುಂಡು ಸಾಕು. ಇಳಿಜಾರಿನಲ್ಲಿ ನೀರು ತಾನಾಗಿ ಹರಿಯುತ್ತದೆ ಎಂಬುದನ್ನು ಮಗು ಸ್ವಂತ ಮಾತಲ್ಲಿ ಸೇರಿಸಬೇಕು.

ಎರಡು ಅಂಕದ ಪ್ರಶ್ನೆಗೆ ಇಷ್ಟೆಲ್ಲ ಬರೆಯಲು ಹೊತ್ತು ಸಾಲದು. ಅಲ್ಲಿ ಉತ್ತರದ ವಾಕ್ಯದೊಳಗೇ ಒಂದು ತುಂಡು ಆಧಾರ ಸೇರಿಸಲು ಹೇಳುತ್ತೇನೆ, ಅಷ್ಟೇ.

ಕೆಲವು ವಾರ ಕಳೆದ ಮೇಲೆ ವಾಕ್ಯಗಳ ಸಂಖ್ಯೆ ತೆಗೆದುಬಿಡುತ್ತೇನೆ. ಆಗ ಒಂದು ಬೇರೆ ತರದ ಪ್ರಶ್ನೆ ಕೊಡುತ್ತೇನೆ: ಅಜ್ಜ ಬಾವಿಯನ್ನೇ ಇನ್ನೂ ಆಳ ಮಾಡಿಸದೆ ಸುರಂಗ ತೋಡಿದ್ದು ಯಾಕೆ? ಇದಕ್ಕೆ ಗದ್ಯದಲ್ಲಿ ಉತ್ತರ ಇಲ್ಲ. ಆಧಾರ ಕೊಡಲೇಬೇಕು ಎಂಬ ಅಭ್ಯಾಸ ಬಿದ್ದ ಮಕ್ಕಳು 'ನಮ್ಮ ಬಾವಿ ಬತ್ತಿತು' ಎಂಬುದನ್ನು ತಂದು ಹಾಕುತ್ತಾರೆ. ಅದು ನೀರು ಬೇಕಾದದ್ದಕ್ಕೆ ಆಧಾರ, ಬಾವಿ ಬಿಟ್ಟು ಸುರಂಗ ಹಿಡಿದದ್ದಕ್ಕೆ ಅಲ್ಲ. ಆ ತುಂಡನ್ನು ಮಾತ್ರ ಓದಿದರೆ ನಿನ್ನ ಉತ್ತರ ಸಿಗುತ್ತದಾ ಎಂದು ಕೇಳಿದಾಗ ಇಲ್ಲ ಎನ್ನುತ್ತಾರೆ. ಆಗ ಬರೆಯಬೇಕಾದ್ದು ಇಷ್ಟೇ: 'ಇದಕ್ಕೆ ಕಾರಣವನ್ನು ಪಾಠದಲ್ಲಿ ಹೇಳಿಲ್ಲ. ಬಾವಿಯ ಅಡಿಯಲ್ಲಿ ಗಟ್ಟಿ ಬಂಡೆ ಸಿಕ್ಕಿದ್ದಿರಬಹುದು.' ಆ 'ಇರಬಹುದು' ಇದ್ದರೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಅದಿಲ್ಲದೆ ಬಂಡೆ ಸಿಕ್ಕಿತು ಎಂದೇ ಬರೆದರೆ ಅಡಿಗೆರೆ ಹಾಕಿ, ಪಕ್ಕದಲ್ಲಿ 'ಎಷ್ಟನೇ ವಾಕ್ಯ?' ಎಂದು ಬರೆದು ಪುಸ್ತಕ ವಾಪಸ್ ಕೊಡುತ್ತೇನೆ.