ಕೆರೆಯಂಚಿನ ಮೆದು ಜೇಡಿಯನ್ನು ಕದಡದಂತೆ ತೆಗೆಯುವುದು ಹೇಗೆ?

ಮಂಡ್ಯದ ನಾಲಾ ಬಯಲಿನಲ್ಲಿ ಕೆರೆಗೆ ಹೊಂದಿಕೊಂಡಂತೆ ರಸ್ತೆಯ ಏರಿ ಕಟ್ಟಬೇಕಾದಾಗ, ಗದ್ದೆಯ ಅಡಿಯಲ್ಲಿ ಹೆಬ್ಬೆರಳು ಸಲೀಸಾಗಿ ಇಳಿಯುವಷ್ಟು ಮೆದುವಾದ ಜೇಡಿಮಣ್ಣು ಸಿಗುವುದುಂಟು. ಏರಿಯ ಭಾರಕ್ಕೆ ಅದು ಎಷ್ಟು ಕುಸಿಯುತ್ತದೆ ಎಂಬುದನ್ನು ಮೈಸೂರಿನ ಪ್ರಯೋಗಾಲಯದಲ್ಲಿ ಅಳೆಯಬೇಕಾದರೆ, ನೆಲದಡಿಯಲ್ಲಿದ್ದ ಕಣರಚನೆಯೂ ತೇವಾಂಶವೂ ಹಾಗೆಯೇ ಉಳಿದ ಮಾದರಿ ಬೇಕು. ಅದಕ್ಕೆ ತೆಳುಗೋಡೆಯ ಉಕ್ಕಿನ ಕೊಳವೆಯೇ ಸಾಧನ.

ಕೆಲಸ ಮೊದಲಾಗುವುದು ವರ್ನಿಯರ್ ಕ್ಯಾಲಿಪರ್‌ನಿಂದ. ಕೊಳವೆ ಇಳಿಯುವಾಗ ಅದರ ಗೋಡೆ ತನ್ನ ದಪ್ಪದಷ್ಟು ಮಣ್ಣನ್ನು ಪಕ್ಕಕ್ಕೆ ಸರಿಸುತ್ತದೆ. ಹೀಗೆ ಸರಿದ ಮಣ್ಣು ಒಳಬಂದ ಮಾದರಿಯ ಶೇಕಡ ಎಷ್ಟು ಎಂಬುದೇ ವಿಸ್ತೀರ್ಣ ಅನುಪಾತ. ಹೊರವ್ಯಾಸದ ವರ್ಗದಿಂದ ಒಳವ್ಯಾಸದ ವರ್ಗವನ್ನು ಕಳೆದು, ಒಳವ್ಯಾಸದ ವರ್ಗದಿಂದ ಭಾಗಿಸಿ, ನೂರರಿಂದ ಗುಣಿಸಬೇಕು. ಹೊರವ್ಯಾಸ 76 ಮಿ.ಮೀ., ಒಳವ್ಯಾಸ 73 ಮಿ.ಮೀ. ಇದ್ದರೆ 5776ರಿಂದ 5329 ಕಳೆದು 447. ಅನುಪಾತ ಶೇ 8.4. ಅದೇ ಹೊರವ್ಯಾಸದ ಕೊಳವೆಯ ಗೋಡೆ 3 ಮಿ.ಮೀ. ಇದ್ದರೆ ಅನುಪಾತ ಶೇ 17.9ಕ್ಕೆ ಏರುತ್ತದೆ. ಕಣ್ಣಿಗೆ ಎರಡೂ ತೆಳುವೇ, ಆದರೆ ಮೆದು ಜೇಡಿಗೆ ಶೇ 10ರ ಒಳಗಿನದೇ ಬೇಕಾದ್ದರಿಂದ ಎರಡನೆಯದನ್ನು ಬದಿಗಿಡಬೇಕು.

ಒಳವ್ಯಾಸವನ್ನು ಅಳೆಯಬೇಕಾದದ್ದು ಕತ್ತರಿಸುವ ಅಂಚಿನಲ್ಲಿ. ಮಾದರಿ ಗೋಡೆಗೆ ಉಜ್ಜದಿರಲೆಂದು ಅಂಚನ್ನು ತುಸು ಒಳಕ್ಕೆ ಬಾಗಿಸಿರುವ ಕೊಳವೆಗಳೂ ಇವೆ. ಮೇಲಿನ ಮೊದಲ ಕೊಳವೆಯ ಅಂಚು 72.3 ಮಿ.ಮೀ.ಗೆ ಕಿರಿದಾಗಿದ್ದರೆ ಅನುಪಾತ ಶೇ 10.5 ಆಗಿಬಿಡುತ್ತದೆ, ಮೇಲಾಗಿ, ಒಳಬಂದ ಜೇಡಿ ಆ ಸಂದಿನೊಳಗೆ ಹಿಗ್ಗಿಕೊಳ್ಳುತ್ತದೆ. ಆದ್ದರಿಂದ ತೀರ ಮೆದು ಮಣ್ಣಿಗೆ ಅಂಚು ಬಾಗಿಸದ, ಹರಿತವಾದ, ತುಕ್ಕಿಲ್ಲದ ಕೊಳವೆಯೇ ಲೇಸೆಂದು ನನ್ನ ಅಭಿಪ್ರಾಯ. ಅಂಚು ಒಮ್ಮೆ ಕಲ್ಲಿಗೆ ತಗುಲಿ ಮುಕ್ಕಾಗಿದ್ದರೆ ಅದನ್ನು ಮತ್ತೆ ಇಳಿಸಬಾರದು.

ಕೊಳವೆ ಇಳಿಸಲೆಂದು ಕೊರೆದ ಬೋರ್‌ಹೋಲಿನ ತಳವನ್ನು ಚೊಕ್ಕಟ ಮಾಡುವಾಗ ನೀರಿನ ಧಾರೆಯನ್ನು ನೇರ ಕೆಳಕ್ಕೆ ಬಿಡಬಾರದು, ಅದು ತೆಗೆಯಬೇಕಾದ ಮಣ್ಣನ್ನೇ ಕೊರೆಯುತ್ತದೆ. ರಂಧ್ರದೊಳಗಿನ ನೀರು ಅಥವಾ ಬೆಂಟೊನೈಟ್ ಎಂಬ ನುಣುಪು ಜೇಡಿಯ ದ್ರಾವಣದ ಮಟ್ಟ ಅಂತರ್ಜಲದ ಮಟ್ಟಕ್ಕಿಂತ ಮೇಲೆಯೇ ಇರಬೇಕು. ಇಳಿದರೆ ತಳದ ಜೇಡಿ ಉಬ್ಬಿಬರುತ್ತದೆ. ಅನಂತರ ಕೊಳವೆಯನ್ನು ರಿಗ್‌ನ ಹೈಡ್ರಾಲಿಕ್ ಒತ್ತಡದಿಂದ, ತಿರುಗಿಸದೆ, ನಡುವೆ ನಿಲ್ಲಿಸದೆ, ಒಂದೇ ವೇಗದಲ್ಲಿ ಒತ್ತಬೇಕು. ಸುತ್ತಿಗೆಯ ಏಟು ಸಲ್ಲದು. ತಳದ ಸಡಿಲು ಮಣ್ಣಿಗೆ ಜಾಗವಿರಲೆಂದು ಕೊಳವೆಯ ಪೂರ್ತಿ ಉದ್ದಕ್ಕೆ ಒತ್ತದೆ ಸುಮಾರು 75 ಮಿ.ಮೀ. ಬಿಡಬೇಕು. ಒತ್ತಿ ಮುಗಿದ ಮೇಲೆ ಹತ್ತು ನಿಮಿಷ ಕಾದರೆ ಜೇಡಿ ಗೋಡೆಗೆ ಅಂಟಿಕೊಳ್ಳುತ್ತದೆ. ಬಳಿಕ ಕೊಳವೆಯನ್ನು ಒಂದೆರಡು ಸುತ್ತು ತಿರುಗಿಸಿ, ತಳದ ಮಣ್ಣನ್ನು ಬಿಡಿಸಿ, ನಿಧಾನವಾಗಿ ಮೇಲೆತ್ತಬೇಕು.

ಮೇಲೆ ಬಂದೊಡನೆ ಮಾದರಿಯ ಉದ್ದವನ್ನು ಅಳೆದು ಒತ್ತಿದ ಉದ್ದದೊಂದಿಗೆ ಹೋಲಿಸಿ ಬರೆದಿಡಬೇಕು. ಕಡಿಮೆಯಿದ್ದರೆ ಮಣ್ಣು ಒಳಗೆ ಅಡಕವಾಗಿರಬಹುದು ಅಥವಾ ಜಾರಿ ಬಿದ್ದಿರಬಹುದು. ಎರಡೂ ತುದಿಗಳ ಸಡಿಲು ಮಣ್ಣನ್ನು ಕೆರೆದು, ಕರಗಿಸಿದ ಮೇಣವನ್ನು ತೆಳುವಾಗಿ ಪದರ ಪದರವಾಗಿ ಹಾಕಬೇಕು. ಒಂದೇ ಸಲ ದಪ್ಪಗೆ ಸುರಿದರೆ ಆರುವಾಗ ಕುಗ್ಗಿ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ, ಆ ಬಿರುಕಿನಲ್ಲೇ ತೇವ ಆರುತ್ತದೆ. ಬೋರ್‌ಹೋಲಿನ ಸಂಖ್ಯೆ, ಆಳ, ದಿನಾಂಕ ಮತ್ತು ಮೇಲ್ತುದಿಯ ಗುರುತನ್ನು ಮುಚ್ಚಳದ ಮೇಲೆ ಮಾತ್ರವಲ್ಲದೆ ಕೊಳವೆಯ ಮೈಮೇಲೂ ಬರೆಯಬೇಕು, ಮುಚ್ಚಳಗಳು ಅದಲುಬದಲಾಗುತ್ತವೆ.

ಮಂಡ್ಯದಿಂದ ಮೈಸೂರಿಗೆ ದೂರ ಹೆಚ್ಚಿಲ್ಲವಾದರೂ ಕೆರೆಯಂಚಿನ ಗಾಡಿ ಜಾಡಿನ ಕುಲುಕಾಟಕ್ಕೇ ಮೆದು ಜೇಡಿ ಕದಡಬಲ್ಲದು. ಕೊಳವೆಗಳನ್ನು ನೆಲದಲ್ಲಿದ್ದಂತೆ ಮೇಲ್ತುದಿ ಮೇಲಾಗಿ ನಿಲ್ಲಿಸಿ, ಸುತ್ತಲೂ ಒದ್ದೆ ಮರದ ಹೊಟ್ಟು ಅಥವಾ ಫೋಮ್ ತುಂಬಿ ಒಯ್ಯಬೇಕು. ಪ್ರಯೋಗಾಲಯದಲ್ಲೂ ತಂಪಾದ, ತೇವವಿರುವ ಕೋಣೆಯಲ್ಲಿ ಹಾಗೆಯೇ ನಿಲ್ಲಿಸಿಡಬೇಕು. ಮೊಹರು ಎಷ್ಟೇ ಬಿಗಿಯಾಗಿದ್ದರೂ ವಾರಗಟ್ಟಲೆ ಇಡುವುದು ತರವಲ್ಲ: ಗೋಡೆಗೆ ಉಜ್ಜಿದ ಹೊರಪದರ ಮತ್ತು ನಡುಭಾಗದ ನಡುವೆ ತೇವಾಂಶ ಮರುಹಂಚಿಕೆಯಾಗುತ್ತದೆ, ಉಕ್ಕು ತುಕ್ಕು ಹಿಡಿದು ಮಣ್ಣಿಗೆ ಅಂಟುತ್ತದೆ. ಹೊರತೆಗೆಯುವಾಗ ಮಣ್ಣು ಒಳಬಂದ ದಿಕ್ಕಿನಲ್ಲೇ, ಅಂದರೆ ಅಂಚಿನ ಕಡೆಯಿಂದ ಮೇಲ್ತುದಿಯತ್ತ ತಳ್ಳಬೇಕು.

ಇಷ್ಟಾದ ಮೇಲೂ ಮಾದರಿ ಕದಡಿದೆಯೇ ಎಂದು ತಿಳಿಯಲು ನಾರ್ವೆಯ ಸಂಶೋಧಕರು 1997ರಲ್ಲಿ ಮುಂದಿಟ್ಟ ಪರೀಕ್ಷೆ ಬಹಳ ಉಪಯುಕ್ತ. ನಾಲ್ಕು ಮೀಟರ್ ಆಳದಿಂದ ತೆಗೆದ ಜೇಡಿಯ ಆರಂಭದ ರಂಧ್ರಾನುಪಾತ, ಅಂದರೆ ಕಣಗಳ ನಡುವಿನ ಸಂದುಗಳ ಗಾತ್ರಕ್ಕೂ ಗಟ್ಟಿ ಕಣಗಳ ಗಾತ್ರಕ್ಕೂ ಇರುವ ಅನುಪಾತ, 1.60 ಎಂದಿಟ್ಟುಕೊಳ್ಳೋಣ. ಅಂತರ್ಜಲ ನೆಲಮಟ್ಟದಲ್ಲೇ ಇದ್ದರೆ ಆ ಆಳದಲ್ಲಿ ಮಣ್ಣಿನ ಕಣಗಳ ಮೇಲಿದ್ದ ಒತ್ತಡ ಸುಮಾರು 26 ಕಿಲೋಪ್ಯಾಸ್ಕಲ್. ಮಾದರಿಯ ಮೇಲೆ ಭಾರ ಹೇರಿ ಕುಸಿತ ಅಳೆಯುವ ಕನ್ಸಾಲಿಡೇಶನ್ ಯಂತ್ರದಲ್ಲಿ ಅಷ್ಟೇ ಒತ್ತಡವನ್ನು ಮತ್ತೆ ಹೇರಿದಾಗ ರಂಧ್ರಾನುಪಾತ 1.55ಕ್ಕೆ ಇಳಿದರೆ ಬದಲಾವಣೆ ಆರಂಭದ ಮೌಲ್ಯದ 0.03, ಹೆಚ್ಚು ಭಾರ ಕಂಡಿರದ ಜೇಡಿಯಲ್ಲಿ 0.04ರ ಒಳಗಿದ್ದರೆ ಮಾದರಿ ಉತ್ತಮ. 1.43ಕ್ಕೆ ಇಳಿದರೆ ಅದು 0.106 ಆಗುತ್ತದೆ, 0.07 ದಾಟಿದ್ದು ಕಳಪೆ. ಅಂಥ ಮಾದರಿಯನ್ನು ದ್ರವ ಮಿತಿ, ಪ್ಲಾಸ್ಟಿಕ್ ಮಿತಿಯಂಥ ವರ್ಗೀಕರಣದ ಪರೀಕ್ಷೆಗಳಿಗೆ ಬಳಸಬಹುದೇ ಹೊರತು ಏರಿಯ ಕುಸಿತವನ್ನಾಗಲಿ ಬಲವನ್ನಾಗಲಿ ಅದರಿಂದ ಲೆಕ್ಕ ಹಾಕಬಾರದು. ಪಕ್ಕದಲ್ಲೇ ಇನ್ನೊಂದು ಬೋರ್ ಕೊರೆದು ಹೊಸ ಕೊಳವೆ ಇಳಿಸಬೇಕು.