ಎರಡನೇ ವೈದ್ಯರ ಅಭಿಪ್ರಾಯದ ಶುಲ್ಕ ವಿಮೆಯಿಂದ ಸಿಗುವುದು ಯಾವಾಗ?

ಆರೋಗ್ಯ ಸಂಜೀವಿನಿಯಂತಹ ಆರೋಗ್ಯ ವಿಮಾ ಪಾಲಿಸಿಗಳಲ್ಲಿ ಆಸ್ಪತ್ರೆಗೆ ದಾಖಲಾಗುವ ಮೊದಲಿನ 30 ದಿನಗಳ ವೆಚ್ಚಕ್ಕೂ ಪರಿಹಾರವಿರುತ್ತದೆ. ಎರಡನೇ ವೈದ್ಯರ ಶುಲ್ಕವೂ ಸಾಮಾನ್ಯವಾಗಿ ಈ ದಾರಿಯಲ್ಲೇ ಸಿಗುತ್ತದೆ; ಆದರೆ ಭೇಟಿಯು ಅದೇ ಕಾಯಿಲೆಗಾಗಿರಬೇಕು ಮತ್ತು ಆಸ್ಪತ್ರೆಯ ಮುಖ್ಯ ಕ್ಲೇಮ್ ಅಂಗೀಕಾರವಾಗಿರಬೇಕು.

ಉದಾಹರಣೆಗೆ, ಬೆನ್ನಿನ ಡಿಸ್ಕ್ ಶಸ್ತ್ರಚಿಕಿತ್ಸೆಗೆ ಜೂನ್ 20ರಂದು ದಾಖಲಾದವರು ಮೇ 5ರಂದು ಮೊದಲ ವೈದ್ಯರಿಗೆ 800 ರೂಪಾಯಿಯನ್ನೂ, ಜೂನ್ 10ರಂದು ಎರಡನೆಯವರಿಗೆ 1,200 ರೂಪಾಯಿಯನ್ನೂ ಕೊಟ್ಟಿದ್ದಾರೆ ಎಂದುಕೊಳ್ಳಿ. 30 ದಿನಗಳ ಲೆಕ್ಕ ಮೇ 21ರಿಂದ ಆರಂಭವಾಗುವುದರಿಂದ 1,200 ರೂಪಾಯಿಯನ್ನು ಕೇಳಬಹುದು, 800 ರೂಪಾಯಿಯನ್ನು ಕೇಳಲಾಗದು. ಎರಡನೆಯವರು ಶಸ್ತ್ರಚಿಕಿತ್ಸೆಯೇ ಬೇಡವೆಂದು ಹೇಳಿ ದಾಖಲಾತಿ ತಪ್ಪಿದರೆ, ಹೊರರೋಗಿ ವೆಚ್ಚದ ರಕ್ಷಣೆ ಇಲ್ಲದ ಪಾಲಿಸಿಯಲ್ಲಿ ಎರಡೂ ನಿಮ್ಮ ಕೈಯಿಂದಲೇ ಹೋಗುತ್ತವೆ. ಅನಗತ್ಯ ಶಸ್ತ್ರಚಿಕಿತ್ಸೆ ತಪ್ಪಿಸಿದ ಭೇಟಿಗೇ ಹಣ ಸಿಗದಿರುವುದು ನನಗೆ ನ್ಯಾಯವೆನಿಸುವುದಿಲ್ಲ. ಆದರೂ ಆ ಶುಲ್ಕ ಉಳಿಸಲು ಭೇಟಿಯನ್ನು ಕೈಬಿಡಬೇಡಿ.

ಕೆಲವು ಪಾಲಿಸಿಗಳಲ್ಲಿ ಕ್ಯಾನ್ಸರ್‌ನಂತಹ ಪಟ್ಟಿ ಮಾಡಿದ ಗಂಭೀರ ಕಾಯಿಲೆಗಳಿಗೆ ಎರಡನೇ ಅಭಿಪ್ರಾಯದ ಪ್ರತ್ಯೇಕ ಸೌಲಭ್ಯವಿರುತ್ತದೆ. ಅದು ಹೆಚ್ಚಾಗಿ ಕಂಪನಿ ಗೊತ್ತುಪಡಿಸಿದ ವೈದ್ಯರಿಂದಷ್ಟೇ ದೊರೆಯುವುದರಿಂದ, ನೀವೇ ಬೇರೆಡೆ ಹೋಗುವ ಮೊದಲು ಸಹಾಯವಾಣಿಯಲ್ಲಿ ವಿಚಾರಿಸಿ.

ಕ್ಲೇಮ್ ಮಾಡಲು ಎರಡನೇ ಅಭಿಪ್ರಾಯ ಸಾಮಾನ್ಯವಾಗಿ ಕಡ್ಡಾಯವಲ್ಲ. ಚಿಕಿತ್ಸೆಯ ಅಗತ್ಯವನ್ನು ಕಂಪನಿ ಪ್ರಶ್ನಿಸಿ ಕ್ಲೇಮ್ ನಿರಾಕರಿಸಿದಾಗ ಮಾತ್ರ ಅದೇ ವಿಭಾಗದ ಇನ್ನೊಬ್ಬ ತಜ್ಞರ ಲಿಖಿತ ಅಭಿಪ್ರಾಯ ದೂರಿಗೆ ಬಲ ಕೊಡುತ್ತದೆ. ಆದ್ದರಿಂದ ರಸೀದಿಯ ಜೊತೆಗೆ ಕಾಯಿಲೆಯ ಹೆಸರು, ದಿನಾಂಕ ಮತ್ತು ವೈದ್ಯರ ನೋಂದಣಿ ಸಂಖ್ಯೆ ಇರುವ ಚೀಟಿಯನ್ನೂ ಅಂದೇ ಪಡೆದುಕೊಳ್ಳಿ.